ಹದಮಳೆಯೋ, ಅರೆಮಳೆಯೋ: ಮಕ್ಕಳು ಮಾಡಬಹುದಾದ ಒಂದು ಕೃಷಿ ಪ್ರಯೋಗ

(ಶಿಕಾರಿಪುರ ಮತ್ತು ಸೊರಬ ತಾಲೂಕುಗಳ ಶಿಕ್ಷಕರು ಹಾಗೂ ಪೋಷಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಕೆಲವು ವರ್ಷಗಳ ಹಿಂದೆ ಒಂದು ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ತೀರ್ಪುಗಾರನಾಗಿ ಹೋಗಿದ್ದೆ. ಕೃಷಿ ವಿಭಾಗದಲ್ಲಿ ಒಂಬತ್ತು ಮಾದರಿಗಳಿದ್ದವು. ಎಲ್ಲವೂ ಥರ್ಮೋಕೋಲಿನಿಂದ ಮಾಡಿದವುಗಳು. ಹನಿ ನೀರಾವರಿಯ ಮಾದರಿಯ ಮುಂದೆ ನಿಂತಿದ್ದ ಹುಡುಗ ರೈತನ ಮಗ. ಅವನು ಕಂಠಪಾಠ ಮಾಡಿದ್ದನ್ನೆಲ್ಲ ಒಪ್ಪಿಸಿದ ಮೇಲೆ ನಾನು ಕೇಳಿದೆ: "ಈ ವರ್ಷ ನಿಮ್ಮ ಮನೆಯಲ್ಲಿ ಬಿತ್ತನೆ ಎಂದು ಆಯಿತಪ್ಪಾ?" ಹುಡುಗ ತಲೆ ತಗ್ಗಿಸಿ, "ಎರಡು ಸಲ ಆಯ್ತು ಸಾರ್. ಮೊದಲನೇದು ಹುಟ್ಟಲಿಲ್ಲ" ಎಂದ. "ಯಾಕೆ ಹುಟ್ಟಲಿಲ್ಲ?" ಎಂದರೆ ಅವನಲ್ಲಿ ಉತ್ತರವಿರಲಿಲ್ಲ. ಅವನ ತಂದೆಯಲ್ಲಿಯೂ ಇದ್ದಿರಲಾರದು. ಬೀಜ ಕೆಟ್ಟದ್ದೆಂದು ಅಂಗಡಿಯವರನ್ನೋ, ಮಳೆ ಕೈಕೊಟ್ಟಿತೆಂದು ಆಕಾಶವನ್ನೋ ದೂರಿ ಸುಮ್ಮನಾಗಿರಬೇಕು.

ಆ ಹುಡುಗನ ಪ್ರಾಜೆಕ್ಟ್ ಅವನ ಮನೆಯಲ್ಲೇ ಬಿದ್ದಿತ್ತು. ಇಂದು ನಾನು ಮಾತನಾಡಬೇಕೆಂದಿರುವುದು ಆ ಒಂದು ಪ್ರಶ್ನೆಯ ಕುರಿತು ಮಾತ್ರ. ಮೊದಲ ಮಳೆ ಬಿದ್ದಾಗ ಬಿತ್ತಬೇಕೇ, ಕಾಯಬೇಕೇ? ಮಣ್ಣು, ಬೀಜ, ಮಳೆ ಈ ಮೂರೂ ಈ ಪ್ರಶ್ನೆಯೊಳಗೆ ಅಡಗಿವೆ.

ಎರಡು ತಾಲೂಕು, ಎರಡು ಭಯ

ಶಿಕಾರಿಪುರ ಮತ್ತು ಸೊರಬ ನೆರೆಹೊರೆಯ ತಾಲೂಕುಗಳು. ಆದರೆ ರಾಜ್ಯದ ಕೃಷಿ ಹವಾಮಾನ ವಲಯಗಳ ವಿಂಗಡಣೆಯಲ್ಲಿ ಶಿಕಾರಿಪುರವು ದಕ್ಷಿಣ ಅರೆಮಲೆನಾಡು ವಲಯಕ್ಕೂ, ಸೊರಬವು ಗುಡ್ಡಗಾಡು ವಲಯಕ್ಕೂ ಸೇರಿವೆ. ಪಶ್ಚಿಮಘಟ್ಟದಿಂದ ಪೂರ್ವಕ್ಕೆ ಬಂದಂತೆ ಮಳೆ ಕಡಿಮೆಯಾಗುತ್ತಾ ಹೋಗುವುದರಿಂದ ಒಂದೇ ಮುಂಗಾರು ಈ ಎರಡು ತಾಲೂಕುಗಳಲ್ಲಿ ಎರಡು ರೀತಿಯಲ್ಲಿ ವರ್ತಿಸುತ್ತದೆ.

ಶಿಕಾರಿಪುರದ ಮೆಕ್ಕೆಜೋಳದ ಹೊಲದಲ್ಲಿ ರೈತನ ಭಯ ಬಿಸಿಲಿನದು. ಮೊದಲ ಮಳೆಗೆ ಬಿತ್ತಿದ ಮೇಲೆ ಹತ್ತು ದಿನ ಮಳೆ ಹಿಂದೆಗೆದರೆ ಬೀಜ ಹೋಯಿತು. ಎಕರೆಗೆ ಸುಮಾರು 8 ಕೆ.ಜಿ. ಬೀಜ ಬೇಕು. ಅದು ಹೈಬ್ರಿಡ್ ಆದುದರಿಂದ ಮನೆಯ ಕಣಜದಿಂದ ಮತ್ತೊಮ್ಮೆ ತೆಗೆದು ಬಿತ್ತುವಂತಿಲ್ಲ, ಪುನಃ ಅಂಗಡಿಗೇ ಹೋಗಬೇಕು. ಸೊರಬದ ತಗ್ಗಿನ ಗದ್ದೆಯಲ್ಲಿ ಕೂರಿಗೆಯಿಂದ ಭತ್ತ ಬಿತ್ತುವವನ ಭಯ ಇದಕ್ಕೆ ವಿರುದ್ಧವಾದದ್ದು. ಜುಲೈನ ಜಡಿಮಳೆಗೆ ಗದ್ದೆಯಲ್ಲಿ ನೀರು ನಿಲ್ಲುವ ಮೊದಲೇ ಪೈರು ಬೇರೂರಿ ಎದ್ದು ನಿಂತಿರಬೇಕು. ಕಾದರೆ ಎಳೆಯ ಸಸಿ ನೀರಿನಲ್ಲಿ ಮುಳುಗಿ ಕೊಳೆಯುತ್ತದೆ. ಆದುದರಿಂದ "ಕಾಯಿರಿ" ಎಂಬ ಒಂದೇ ಸಲಹೆಯನ್ನು ಎರಡೂ ಕಡೆಗೆ ಕೊಡುವುದು ಸರಿಯಲ್ಲ. ಮಗು ತನ್ನ ಊರಿನ ಭಯ ಯಾವುದೆಂದು ಮೊದಲು ಮನೆಯ ಹಿರಿಯರನ್ನು ಕೇಳಿ ಬರೆದುಕೊಳ್ಳಬೇಕು. ಪ್ರಾಜೆಕ್ಟಿನ ಮೊದಲ ಪುಟ ಅದೇ.

ಅರೆಮಳೆಯೇಕೆ ಅಪಾಯಕಾರಿ?

ನಮ್ಮ ರೈತರಲ್ಲಿ 'ಹದಮಳೆ' ಎಂಬ ಮಾತಿದೆ. ಬಿತ್ತನೆಗೆ ಮಣ್ಣು ಹದವಾಗುವಷ್ಟು ಬಿದ್ದ ಮಳೆ ಎಂದರ್ಥ. ಹದಕ್ಕೆ ಸಾಲದ, ಆದರೆ ಹದವಾಯಿತೆಂಬ ಭ್ರಮೆ ಹುಟ್ಟಿಸುವ ಮಳೆಯನ್ನು ನಾನು ಅರೆಮಳೆ ಎನ್ನುತ್ತೇನೆ. ಇವೆರಡರ ವ್ಯತ್ಯಾಸವು ಬೀಜದ ಒಳಗಿನ ಒಂದು ಸಂಗತಿಯನ್ನು ಅವಲಂಬಿಸಿದೆ.

ಒಣಬೀಜವು ನೀರು ಹೀರಿ ಉಬ್ಬುತ್ತದೆ. ಈ ಹಂತದಲ್ಲಿ ಮಣ್ಣು ಮತ್ತೆ ಒಣಗಿದರೆ ಬೀಜವೂ ಒಣಗಿ ಮುಂದಿನ ಮಳೆಗೆ ಕಾಯಬಲ್ಲದು, ಹೆಚ್ಚಿನವು ಸಾಯುವುದಿಲ್ಲ. ಆದರೆ ಸಿಪ್ಪೆ ಸೀಳಿ ಬೇರಿನ ಮೊಳಕೆ ಹೊರಬಂದ ಬಳಿಕ ಹಿಂದಿರುಗುವ ದಾರಿಯಿಲ್ಲ. ಒಣಗಿ ಬದುಕುವ ಶಕ್ತಿಯನ್ನು ಬೀಜ ಆಗ ಕಳೆದುಕೊಂಡಿರುತ್ತದೆ. ಬೆಚ್ಚನೆಯ ಹಸಿಮಣ್ಣಿನಲ್ಲಿ ಭತ್ತವಾಗಲಿ ಮೆಕ್ಕೆಜೋಳವಾಗಲಿ ಈ ಗೆರೆ ದಾಟಲು ಎರಡು ಮೂರು ದಿನ ಸಾಕು. ಆದುದರಿಂದ ಬಹಳ ಸಣ್ಣ ಮಳೆ ಅಷ್ಟು ಕೆಡುಕಲ್ಲ, ದೊಡ್ಡ ಮಳೆಯೂ ಕೆಡುಕಲ್ಲ. ಮೊಳಕೆಯನ್ನು ಹೊರಗೆ ಕರೆದು, ಅದನ್ನು ಸಾಕುವಷ್ಟು ಹಸಿಯನ್ನು ಉಳಿಸದೆ ಹೋಗುವ ನಡುವಿನ ಮಳೆಯೇ ಬೀಜವನ್ನು ಕೊಲ್ಲುತ್ತದೆ. ಹತ್ತು ಹನ್ನೆರಡು ವರ್ಷದ ಮಗು ಇದನ್ನು ಕುಂಡಗಳಲ್ಲಿ ಕಣ್ಣಾರೆ ನೋಡಬಹುದು.

ಮೊದಲನೆಯ ಕೆಲಸ: ಮಳೆ ಅಳೆಯುವುದು

ಹತ್ತು ಸೆಂ.ಮೀ. ಅಗಲದ ಬಾಯಿಯುಳ್ಳ ಒಂದು ಆಲಿಕೆ, ಅದರ ಕೆಳಗೆ ಒಂದು ಬಾಟಲಿ, ಔಷಧದ ಅಂಗಡಿಯಲ್ಲಿ ಸಿಗುವ ಮಿಲಿಲೀಟರ್ ಗೆರೆಗಳುಳ್ಳ ಒಂದು ಅಳತೆ ಲೋಟ ಇಷ್ಟೇ ಬೇಕಾಗುವ ಸಾಮಗ್ರಿ. ಆಲಿಕೆಯ ಬಾಯಿಯ ವಿಸ್ತೀರ್ಣ 78.5 ಚದರ ಸೆಂ.ಮೀ. ಆಗುತ್ತದೆ. ಬಾಟಲಿಯಲ್ಲಿ 157 ಮಿ.ಲೀ. ನೀರು ಸಂಗ್ರಹವಾಗಿದ್ದರೆ ಅದನ್ನು 78.5ರಿಂದ ಭಾಗಿಸಿರಿ. ಎರಡು ಸೆಂ.ಮೀ., ಅಂದರೆ 20 ಮಿ.ಮೀ. ಮಳೆ. ನೀರನ್ನು ಬಾಟಲಿಯಲ್ಲೇ ಪಟ್ಟಿ ಇಟ್ಟು ಅಳೆದರೆ ತಪ್ಪುತ್ತದೆ, ಏಕೆಂದರೆ ಬಾಟಲಿಯ ಅಗಲವೂ ಆಲಿಕೆಯ ಅಗಲವೂ ಒಂದೇ ಅಲ್ಲ.

ಬಾಟಲಿಯನ್ನು ಬಯಲಿನಲ್ಲಿಡಬೇಕು. ಹತ್ತಿರದ ಮರ ಅಥವಾ ಗೋಡೆ ಎಷ್ಟು ಎತ್ತರವಿದೆಯೋ ಅದರ ಎರಡು ಪಟ್ಟಾದರೂ ದೂರವಿರಬೇಕು. ಆಲಿಕೆಯ ಬಾಯಿ ನೆಲದಿಂದ ಸುಮಾರು 30 ಸೆಂ.ಮೀ. ಮೇಲಿದ್ದರೆ ನೆಲಕ್ಕೆ ಬಡಿದು ಚಿಮ್ಮುವ ನೀರು ಒಳಗೆ ಬೀಳುವುದಿಲ್ಲ. ಹವಾಮಾನ ಇಲಾಖೆಯವರು ಮಾಡುವಂತೆಯೇ ಪ್ರತಿದಿನ ಬೆಳಿಗ್ಗೆ 8.30ಕ್ಕೆ ಅಳೆದು ಆ ದಿನದ ದಿನಾಂಕಕ್ಕೆ ಬರೆಯಬೇಕು. ಮಳೆ ಬಾರದ ದಿನ 'ಸೊನ್ನೆ' ಎಂದು ಬರೆಯಲೇಬೇಕು. ಅಳೆಯಲು ಮರೆತ ದಿನ 'ಅಳೆದಿಲ್ಲ' ಎಂದೇ ಬರೆಯಬೇಕು. ಮಕ್ಕಳ ಪುಸ್ತಕಗಳಲ್ಲಿ ನಾನು ಹೆಚ್ಚಾಗಿ ಕಂಡಿರುವ ದೋಷವೆಂದರೆ ರಜೆಯ ಮರುದಿನ ಎರಡು ದಿನದ ನೀರನ್ನು ಒಂದೇ ದಿನದ ಮಳೆಯೆಂದು ಬರೆಯುವುದು. ಈ ಪ್ರಯೋಗಕ್ಕೆ ಅದು ಮಾರಕ, ಏಕೆಂದರೆ ನಾವು ಹುಡುಕುತ್ತಿರುವುದೇ ಮಳೆಯ ನಡುವಿನ ಒಣದಿನಗಳನ್ನು.

ಪುಸ್ತಕದಲ್ಲಿ ಇನ್ನೊಂದು ಕಾಲಂ ಇರಲಿ. ಅದರಲ್ಲಿ ಮಳೆ ನಕ್ಷತ್ರದ ಹೆಸರನ್ನು ಬರೆಯಿರಿ. ಯಾವ ಸಮುದಾಯದ ರೈತರೇ ಆಗಿರಲಿ, ನಮ್ಮ ಭಾಗದ ಹಿರಿಯರು ಮಳೆಯನ್ನು ನೆನಪಿಡುವುದು ರೋಹಿಣಿ, ಮೃಗಶಿರಾ, ಆರಿದ್ರಾ ಎಂಬ ಹೆಸರುಗಳಿಂದ. ಸರಿಸುಮಾರು ಮೇ 25ರಿಂದ ರೋಹಿಣಿ, ಜೂನ್ 8ರಿಂದ ಮೃಗಶಿರಾ, ಜೂನ್ 22ರಿಂದ ಆರಿದ್ರಾ. ಈ ಕಾಲಂ ಇದ್ದರೆ ಮಗುವಿನ ಅಂಕಿಯೂ ಅಜ್ಜನ ನೆನಪೂ ಒಂದೇ ಪುಟದಲ್ಲಿ ಎದುರುಬದುರಾಗುತ್ತವೆ.

ಎರಡನೆಯ ಕೆಲಸ: ಹಸಿ ಎಷ್ಟು ಆಳಕ್ಕೆ ಇಳಿಯಿತು?

ಒಂದೇ 15 ಮಿ.ಮೀ. ಮಳೆ ಮರಳು ಹೆಚ್ಚಿರುವ ಕೆಂಪು ಮಣ್ಣಿನಲ್ಲಿ ಆಳಕ್ಕೆ ಇಳಿಯುತ್ತದೆ, ಜೇಡಿ ಹೆಚ್ಚಿರುವ ಗದ್ದೆಯ ಮಣ್ಣಿನಲ್ಲಿ ಮೇಲೆಯೇ ನಿಲ್ಲುತ್ತದೆ. ಆದುದರಿಂದ ಮಳೆಯ ಅಂಕಿಯೊಂದೇ ಸಾಲದು. ಮಳೆ ನಿಂತ ಮರುದಿನ ಹೊಲದ ಮೂರು ಕಡೆ ಸಣ್ಣ ಗುಂಡಿ ತೋಡಿ, ಗುಂಡಿಯ ಗೋಡೆಯಲ್ಲಿ ಹಸಿಯ ಕಪ್ಪುಬಣ್ಣ ಎಲ್ಲಿಗೆ ಮುಗಿದಿದೆಯೋ ಅಲ್ಲಿಯವರೆಗೆ ಪಟ್ಟಿಯಿಂದ ಅಳೆಯಬೇಕು. ಬೀಜ ಬೀಳುವುದು ನಾಲ್ಕೈದು ಸೆಂ.ಮೀ. ಆಳದಲ್ಲಿ. ಹಸಿ ಎಂಟು ಸೆಂ.ಮೀ.ಗೇ ಮುಗಿದಿದ್ದರೆ ಮೊಳಕೆಯ ಬೇರಿನ ಕೆಳಗೆ ಉಳಿದಿರುವುದು ಬರೀ ಮೂರು ನಾಲ್ಕು ಸೆಂ.ಮೀ. ಹಸಿ. ಎರಡು ಬಿಸಿಲಿಗೆ ಅದು ಆರಿಹೋಗುತ್ತದೆ.

ಹಸಿ ಎಷ್ಟು ಬೇಗ ಆರುತ್ತದೆಂದು ತಿಳಿಯಲು ತಕ್ಕಡಿ ಬೇಕು. ಬೀಜದ ಆಳದಿಂದ 100 ಗ್ರಾಂ ಮಣ್ಣು ತೆಗೆದು, ಕಬ್ಬಿಣದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಹೊಗೆ ಏಳದಂತೆ ಒಣಗಿಸಿ, ಮತ್ತೆ ತೂಗಬೇಕು. ಎರಡು ಸಲ ತೂಗಿದಾಗಲೂ ಒಂದೇ ತೂಕ ಬರುವವರೆಗೆ ಒಣಗಿಸಬೇಕು. ಕೊನೆಗೆ 82 ಗ್ರಾಂ ಉಳಿಯಿತೆಂದುಕೊಳ್ಳಿ. ಹೋದ ನೀರು 18 ಗ್ರಾಂ. ಅದನ್ನು 82ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಹಸಿಯ ಪ್ರಮಾಣ ಸುಮಾರು ಶೇ. 22. ಮಳೆಯಾದ ಮೊದಲನೆಯ, ಮೂರನೆಯ, ಐದನೆಯ ಮತ್ತು ಏಳನೆಯ ದಿನ ಇದನ್ನು ಮಾಡಿದರೆ ಆ ಹೊಲದ ಮಣ್ಣು ಆರುವ ವೇಗ ಕಾಗದದ ಮೇಲೆ ಗೆರೆಯಾಗಿ ಮೂಡುತ್ತದೆ. ಒಲೆಯ ಕೆಲಸವನ್ನು ಮಕ್ಕಳು ಹಿರಿಯರು ಪಕ್ಕದಲ್ಲಿದ್ದಾಗ ಮಾತ್ರ ಮಾಡಬೇಕು.

ಶಿಕಾರಿಪುರ ಕಡೆಯ ಒಂದು ಶಾಲೆ, ಸೊರಬ ಕಡೆಯ ಒಂದು ಶಾಲೆ ಈ ಗೆರೆಗಳನ್ನು ಪರಸ್ಪರ ಹಂಚಿಕೊಂಡರೆ, ಒಂದೇ ಮಳೆಗೆ ಒಂದು ಊರಿನಲ್ಲಿ ಬಿತ್ತುವುದು ಜಾಣತನ, ಇನ್ನೊಂದು ಊರಿನಲ್ಲಿ ಆತುರ ಏಕೆಂಬುದು ಮಕ್ಕಳಿಗೇ ತಿಳಿಯುತ್ತದೆ.

ಮೂರನೆಯ ಕೆಲಸ: ಬೀಜವನ್ನೇ ಕೇಳುವುದು

ಮೊದಲು ಬೀಜ ಸಜೀವವಾಗಿದೆಯೇ ಎಂದು ನೋಡಬೇಕು. ಇಲ್ಲವಾದರೆ ಕೆಟ್ಟ ಬೀಜದ ತಪ್ಪನ್ನು ಮಳೆಯ ಮೇಲೆ ಹೊರಿಸಿದಂತಾಗುತ್ತದೆ. ರಾಶಿಯ ಬೇರೆ ಬೇರೆ ಕಡೆಯಿಂದ ಆರಿಸದೆ ತೆಗೆದ 100 ಬೀಜಗಳನ್ನು 25ರಂತೆ ನಾಲ್ಕು ಒದ್ದೆ ಬಟ್ಟೆಗಳಲ್ಲಿ ಸುತ್ತಿಡಿ. ಮೆಕ್ಕೆಜೋಳವನ್ನು ಏಳನೆಯ ದಿನ, ಭತ್ತವನ್ನು ಹದಿನಾಲ್ಕನೆಯ ದಿನ ಕೊನೆಯ ಬಾರಿ ಎಣಿಸಬೇಕು. ಬೇರು ಮತ್ತು ಮೊಳಕೆ ಎರಡೂ ಸರಿಯಾಗಿ ಬಂದಿರುವುದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ಪ್ರಮಾಣೀಕೃತ ಬೀಜದಲ್ಲಿ ಭತ್ತವು ಕನಿಷ್ಠ ಶೇ. 80, ಹೈಬ್ರಿಡ್ ಮೆಕ್ಕೆಜೋಳವು ಕನಿಷ್ಠ ಶೇ. 90 ಮೊಳೆಯಬೇಕೆಂಬುದು ನಿಯಮ. ನಾಲ್ಕು ಕಟ್ಟುಗಳಲ್ಲಿ ಮೂರು ಚೆನ್ನಾಗಿದ್ದು ಒಂದು ಮಾತ್ರ ಕೆಟ್ಟಿದ್ದರೆ ಸಂಶಯ ಪಡಬೇಕಾದದ್ದು ಬೀಜವನ್ನಲ್ಲ, ಆ ಬಟ್ಟೆ ಒಣಗಿತ್ತೇ ಎಂಬುದನ್ನು. ಆಗತಾನೇ ಕೊಯ್ದ ಭತ್ತ ಮೊಳೆಯದಿದ್ದರೂ ಗಾಬರಿ ಬೇಡ, ಹೊಸ ಭತ್ತಕ್ಕೆ ಕೆಲವು ವಾರಗಳ ಸುಪ್ತಾವಸ್ಥೆ ಇರುತ್ತದೆ.

ಒಂದು ಎಚ್ಚರಿಕೆ. ಅಂಗಡಿಯ ಚೀಲದ ಮೆಕ್ಕೆಜೋಳದ ಬೀಜ ಗುಲಾಬಿಯೋ ನೀಲಿಯೋ ಬಣ್ಣದಲ್ಲಿದ್ದರೆ ಅದಕ್ಕೆ ವಿಷದ ಲೇಪನವಿದೆ ಎಂದರ್ಥ. ಮಕ್ಕಳು ಅದನ್ನು ಬರಿಗೈಯಲ್ಲಿ ಮುಟ್ಟಬಾರದು, ಅಡುಗೆಮನೆಯ ಪಾತ್ರೆಯಲ್ಲಿ ನೆನೆಸಬಾರದು. ಪ್ರಯೋಗಕ್ಕೆ ಮನೆಯಲ್ಲಿ ಉಳಿಸಿದ ಭತ್ತವೇ ಉತ್ತಮ.

ಇನ್ನು ಕುಂಡಗಳ ಪ್ರಯೋಗ. ಒಂದೇ ಅಳತೆಯ 16 ಕುಂಡಗಳು ಬೇಕು. ಒಂದೇ ಹೊಲದ ಮಣ್ಣನ್ನು ಜರಡಿ ಹಿಡಿದು, ಎರಡು ದಿನ ಬಿಸಿಲಿಗೆ ಒಣಗಿಸಿ, ಎಲ್ಲದಕ್ಕೂ ಸಮನಾಗಿ ತುಂಬಿರಿ. ಪ್ರತಿ ಕುಂಡಕ್ಕೆ ಹತ್ತು ಬೀಜಗಳನ್ನು ನಾಲ್ಕು ಸೆಂ.ಮೀ. ಆಳದಲ್ಲಿ ಊರಿರಿ. ಕುಂಡಗಳಲ್ಲಿ ನಾಲ್ಕು ಗುಂಪು ಮಾಡಿರಿ. ಮಣ್ಣಿನ ಮಟ್ಟದಲ್ಲಿ ಕುಂಡದ ಅಗಲ 16 ಸೆಂ.ಮೀ. ಇದ್ದರೆ ಮೇಲ್ಮೈ 201 ಚದರ ಸೆಂ.ಮೀ. ಆಗುತ್ತದೆ. ಆಗ 100 ಮಿ.ಲೀ. ನೀರು ಹಾಕಿದರೆ 5 ಮಿ.ಮೀ. ಮಳೆಗೆ, 300 ಮಿ.ಲೀ. ಹಾಕಿದರೆ 15 ಮಿ.ಮೀ. ಮಳೆಗೆ, 800 ಮಿ.ಲೀ. ಹಾಕಿದರೆ 40 ಮಿ.ಮೀ. ಮಳೆಗೆ ಸಮ. ಮೂರು ಗುಂಪುಗಳಿಗೆ ಈ ಮೂರು ಪ್ರಮಾಣಗಳನ್ನು ಒಂದೇ ಒಂದು ಸಲ, ನಿಧಾನವಾಗಿ, ಹೂಜಿಯಿಂದ ಹಾಕಿ ಬಿಡಬೇಕು. ನಾಲ್ಕನೆಯ ಗುಂಪಿಗೆ ಮೊದಲಿನಿಂದಲೂ ನಿತ್ಯ ನೀರು. ಎಲ್ಲವನ್ನೂ ಮಳೆ ಬೀಳದ, ಬಿಸಿಲು ಬೀಳುವ ಜಾಗದಲ್ಲಿ ಇಡಬೇಕು. ಹತ್ತು ದಿನ ಕಳೆದ ಮೇಲೆ ಎಲ್ಲ ಕುಂಡಗಳಿಗೂ ನಿತ್ಯ ನೀರು ಕೊಟ್ಟು, ಇನ್ನು ಹತ್ತು ದಿನಗಳ ನಂತರ ಸಸಿಗಳನ್ನು ಎಣಿಸಬೇಕು.

ಎಣಿಸಿದ ಮೇಲೆ ಕೆಲಸ ಮುಗಿಯಲಿಲ್ಲ. ಹುಟ್ಟದ ಬೀಜಗಳನ್ನು ಒಂದೊಂದಾಗಿ ಅಗೆದು ತೆಗೆದು ನೋಡಬೇಕು. ಗಟ್ಟಿಯಾಗಿ ಹಾಗೇ ಇದೆಯೇ, ಮೊಳಕೆ ಬಂದು ಒಣಗಿದೆಯೇ, ಕೊಳೆತಿದೆಯೇ, ಇಲ್ಲವೇ ಇರುವೆ ಹೊತ್ತೊಯ್ದಿದೆಯೇ? ಈ ನಾಲ್ಕು ಸಾವುಗಳಿಗೆ ಕಾರಣ ಬೇರೆ ಬೇರೆ. ಮೊಳಕೆ ಬಂದು ಒಣಗಿರುವುದು ಅರೆಮಳೆಯ ಗುರುತು. ನಾನು ಹೇಳಿದ ಹುಡುಗನ ತಂದೆ ತನ್ನ ಹೊಲದಲ್ಲಿ ಹತ್ತು ಕಡೆ ಕೆದಕಿ ನೋಡಿದ್ದರೆ ತಪ್ಪು ಬೀಜದ್ದೋ ಮಳೆಯದ್ದೋ ಎಂಬುದು ಅಂದೇ ಗೊತ್ತಾಗುತ್ತಿತ್ತು.

ಒಂದು ಪುಟದ ದಿನಚರಿ

ಈ ಮೂರು ಕೆಲಸಗಳು ಹೇಗೆ ಕೂಡುತ್ತವೆಂದು ತೋರಿಸಲು ಒಂದು ಪುಟವನ್ನು ಓದುತ್ತೇನೆ. ಅಂಕಿಗಳು ವಿವರಣೆಗಾಗಿ ನಾನೇ ಹಾಕಿಕೊಂಡವು.

ಮೇ 28, ರೋಹಿಣಿ. ಬಾಟಲಿಯಲ್ಲಿ 118 ಮಿ.ಲೀ. ಅಂದರೆ 15 ಮಿ.ಮೀ. ಹೊಲದಲ್ಲಿ ಹಸಿ ಎಂಟು ಸೆಂ.ಮೀ. ಪಕ್ಕದ ಹೊಲದವರು ಬಿತ್ತಿದರು. ಮುಂದಿನ ಎಂಟು ದಿನ ಸೊನ್ನೆ. ಐದನೆಯ ದಿನ ಬೀಜದ ಆಳದ ಮಣ್ಣು ಕೈಯಲ್ಲಿ ಉಂಡೆ ಕಟ್ಟಲಿಲ್ಲ. ಜೂನ್ 6ರಿಂದ 8ರವರೆಗೆ ಮೂರು ದಿನ ಸೇರಿ 46 ಮಿ.ಮೀ. ಹಸಿ 25 ಸೆಂ.ಮೀ. ದಾಟಿತು. ನಮ್ಮ ಮನೆಯಲ್ಲಿ ಜೂನ್ 9ರಂದು ಬಿತ್ತಿದೆವು. ಕುಂಡಗಳಲ್ಲಿ 40 ಬೀಜಗಳ ಪೈಕಿ ನಿತ್ಯ ನೀರು ಕೊಟ್ಟಲ್ಲಿ 36, 5 ಮಿ.ಮೀ. ಕೊಟ್ಟಲ್ಲಿ 33, 15 ಮಿ.ಮೀ. ಕೊಟ್ಟಲ್ಲಿ 14, 40 ಮಿ.ಮೀ. ಕೊಟ್ಟಲ್ಲಿ 30 ಹುಟ್ಟಿದವು.

ಐದು ಮಿ.ಮೀ.ಗಿಂತ ಹದಿನೈದು ಮಿ.ಮೀ. ಕೆಟ್ಟದ್ದೆಂಬುದನ್ನು ನೋಡಿದ ಮಗು ಆಶ್ಚರ್ಯಪಡುತ್ತದೆ, ಆ ಆಶ್ಚರ್ಯದ ಉತ್ತರವನ್ನು ಮಣ್ಣು ಕೆದಕಿ ತಾನೇ ಕಂಡುಕೊಳ್ಳುತ್ತದೆ. ಆದರೆ ಈ ಅಂಕಿಯನ್ನು ನೇರವಾಗಿ ಹೊಲಕ್ಕೆ ಒಯ್ಯಬಾರದು. ಸಣ್ಣ ಕುಂಡ ಹೊಲಕ್ಕಿಂತ ಬೇಗ ಆರುತ್ತದೆ. ಕುಂಡವು ಯಾವ ಮಳೆ ಅಪಾಯವೆಂಬ ಕ್ರಮವನ್ನು ತೋರಿಸುತ್ತದೆ. ಎಷ್ಟು ಮಿ.ಮೀ. ಬೇಕೆಂಬುದನ್ನು ಆ ಹೊಲದ ಗುಂಡಿಯೇ ಹೇಳಬೇಕು. ನಿಮ್ಮ ಕುಂಡಗಳಲ್ಲಿ ಬೇರೆ ಫಲಿತಾಂಶ ಬಂದರೆ ಅದನ್ನೇ ಬರೆಯಿರಿ, ತಿದ್ದಬೇಡಿ.

ಮಳೆ ನಿಜವಾಗಿಯೂ ಬದಲಾಗಿದೆಯೇ?

"ಈಗ ಮೊದಲಿನಂತೆ ಮಳೆಯಿಲ್ಲ" ಎಂದು ನಾವೆಲ್ಲರೂ ಹೇಳುತ್ತೇವೆ. ಒಂದು ವರ್ಷದ ಬಾಟಲಿಯಿಂದ ಇದನ್ನು ಸಾಬೀತುಪಡಿಸಲಾಗದು. ಕೇರಳಕ್ಕೆ ಮುಂಗಾರು ಪ್ರವೇಶಿಸಿದ್ದು 2023ರಲ್ಲಿ ಜೂನ್ 8ಕ್ಕೆ, 2025ರಲ್ಲಿ ಮೇ 24ಕ್ಕೆ. ಎರಡೇ ವರ್ಷಗಳಲ್ಲಿ ಹದಿನೈದು ದಿನಗಳ ಅಂತರ. ಇದರಲ್ಲಿ ಒಂದನ್ನು ಮಾತ್ರ ನೋಡಿದವನು ಮುಂಗಾರು ತಡವಾಗುತ್ತಿದೆ ಎಂದಾನು, ಇನ್ನೊಂದನ್ನು ನೋಡಿದವನು ಬೇಗ ಬರುತ್ತಿದೆ ಎಂದಾನು. ಹವಾಮಾನದ 'ಸರಾಸರಿ'ಯನ್ನು 30 ವರ್ಷಗಳ ದಾಖಲೆಯಿಂದ ಲೆಕ್ಕ ಹಾಕುವುದು ಇದಕ್ಕಾಗಿಯೇ.

ದೊಡ್ಡ ತರಗತಿಯ ಮಕ್ಕಳು ತಾಲೂಕು ಕೇಂದ್ರದ ಹಳೆಯ ದೈನಂದಿನ ಮಳೆ ದಾಖಲೆಯನ್ನು ಶಿಕ್ಷಕರ ಮೂಲಕ ಪಡೆದು ಒಂದು ಕೆಲಸ ಮಾಡಬಹುದು. ಇತ್ತೀಚಿನ ವರ್ಷಗಳಿಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಪಂಚಾಯಿತಿ ಮಟ್ಟದ ಮಳೆಮಾಪಕಗಳ ಅಂಕಿಗಳಿವೆ. ವರ್ಷದ ಒಟ್ಟು ಮಳೆಯನ್ನು ನೋಡಬೇಡಿ, ಒಟ್ಟು ಮಳೆ ಅಷ್ಟೇ ಇದ್ದು ಬಿತ್ತನೆ ಹಾಳಾಗಬಹುದು. ಪ್ರತಿ ವರ್ಷ ಮೇ 15ರ ನಂತರ ಎರಡು ದಿನಗಳಲ್ಲಿ 20 ಮಿ.ಮೀ. ದಾಟಿದ ಮೊದಲ ದಿನವನ್ನು ಗುರುತಿಸಿರಿ. ಅದರ ಮುಂದಿನ ಹತ್ತು ದಿನಗಳಲ್ಲಿ 2.5 ಮಿ.ಮೀ.ಗಿಂತ ಕಡಿಮೆಯಿಲ್ಲದ ಮಳೆ ಎಷ್ಟು ದಿನ ಬಂತೆಂದು ಎಣಿಸಿರಿ. ಒಂದು ದಿನವೂ ಬಾರದಿದ್ದರೆ ಅದು ಮೋಸದ ಆರಂಭ. ಮೊದಲ 15 ವರ್ಷಗಳಲ್ಲಿ ಅಂತಹ ವರ್ಷಗಳೆಷ್ಟು, ನಂತರದ 15ರಲ್ಲಿ ಎಷ್ಟು? ನಾಲ್ಕು ಇದ್ದದ್ದು ಐದಾಗಿದ್ದರೆ ಅದನ್ನು ಬದಲಾವಣೆ ಎನ್ನಲಾಗದು. ಮೂರು ಇದ್ದದ್ದು ಒಂಬತ್ತಾಗಿದ್ದರೆ ಊರೇ ಕುಳಿತು ಯೋಚಿಸಬೇಕಾದ ವಿಷಯ.

ಕೊನೆಯದಾಗಿ ಒಂದು ಅಡಚಣೆ

ಈ ಪ್ರಯೋಗಕ್ಕೆ ಬೇಕಾದ ಮಳೆ ಬೀಳುವುದು ಮೇ ತಿಂಗಳಲ್ಲಿ, ಶಾಲೆಗೆ ರಜೆ ಇರುವಾಗ. ಜೂನ್‌ನಲ್ಲಿ ಶಾಲೆ ತೆರೆದು ವಿಷಯ ಕೊಟ್ಟು, ಜುಲೈನಲ್ಲಿ ಆಲಿಕೆ ಕೊಂಡರೆ ಮಗು ಅಳೆಯುವುದು ಜಡಿಮಳೆಯನ್ನು, ಅಷ್ಟರಲ್ಲಿ ಪ್ರಶ್ನೆಯೇ ಮುಗಿದಿರುತ್ತದೆ. ಆದುದರಿಂದ ಶಿಕ್ಷಕರು ಏಪ್ರಿಲ್ ಮೊದಲ ವಾರದಲ್ಲೇ ಮಕ್ಕಳನ್ನು ಇಬ್ಬಿಬ್ಬರ ತಂಡ ಮಾಡಿ, ಆಲಿಕೆ ಮತ್ತು ಪುಸ್ತಕ ಕೊಟ್ಟು ಮನೆಗೆ ಕಳಿಸಬೇಕು. ಬೀಜದ ಪರೀಕ್ಷೆಯನ್ನೂ ಕುಂಡದ ಪ್ರಯೋಗವನ್ನೂ ರಜೆಯಲ್ಲೇ ಮುಗಿಸಬಹುದು. 10ರಿಂದ 17 ವರ್ಷದ ಮಕ್ಕಳಿಗಾಗಿ ನಡೆಯುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದಲ್ಲಿ ಇಂತಹ ದಿನಚರಿ ಪುಸ್ತಕಕ್ಕೆ ಬೆಲೆಯಿದೆ.

ಪಟ್ಟಣದ ಪೋಷಕರಲ್ಲಿ ಒಂದು ಮಾತು. ಶಿರಾಳಕೊಪ್ಪದಲ್ಲೋ ಶಿಕಾರಿಪುರದಲ್ಲೋ ಅಂಗಡಿ ಇಟ್ಟುಕೊಂಡಿರುವ ನಮ್ಮಲ್ಲಿ ಹಲವರಿಗೆ ಹೊಲವಿಲ್ಲ. ಆದರೆ ಟೆರೇಸ್ ಇದೆ, ಅಂಗಡಿಯಲ್ಲಿ ಗ್ರಾಂ ತೂಗುವ ತಕ್ಕಡಿಯಿದೆ, ಹಳ್ಳಿಯಿಂದ ಬರುವ ಗಿರಾಕಿಗಳ ಪರಿಚಯವಿದೆ. ನಿಮ್ಮ ಮಗ ಅಥವಾ ಮಗಳು ಹಳ್ಳಿಯ ಸಹಪಾಠಿಯೊಂದಿಗೆ ಜೋಡಿಯಾಗಿ, ಮಣ್ಣಿನ ತೂಕವನ್ನು ಅಂಗಡಿಯಲ್ಲಿ, ಬೀಜದ ಪರೀಕ್ಷೆಯನ್ನು ಮನೆಯಲ್ಲಿ ಮಾಡಬಹುದು.

ಮಗು ತಂದೆಗೆ "ಇಂದು ಬಿತ್ತಬೇಡಿ" ಎಂದು ಹೇಳಬೇಕಾಗಿಲ್ಲ. ಆ ತೀರ್ಮಾನ ಹಿರಿಯರದ್ದೇ ಆಗಿರಲಿ. "ಅಬ್ಬಾ, ಹಸಿ ಎಂಟು ಸೆಂ.ಮೀ. ಮಾತ್ರ ಇಳಿದಿದೆ" ಎಂದು ಅಳತೆಪಟ್ಟಿ ತೋರಿಸಿದರೆ ಸಾಕು.